1 ಎಚ್‌ಪಿ ಮೋಟರ್ ತಾನಾಗಿ ಆನ್-ಆಫ್ ಆಗಲು: ರಿಲೇ ಹಾಕುವುದೋ, ಎಸ್‌ಎಸ್‌ಆರ್ ಹಾಕುವುದೋ?

ಸಂಪು_ಟು_ಟ್ಯಾಂಕ್ (ಮೈಸೂರು)

ಸಂಪಿನಿಂದ ಎರಡನೇ ಮಹಡಿಯ ಮೇಲಿರುವ 1000 ಲೀಟರ್ ಟ್ಯಾಂಕಿಗೆ ನೀರೆತ್ತುವ 1 ಎಚ್‌ಪಿ ಮೊನೊಬ್ಲಾಕ್ ಮೋಟರ್ ಇದೆ, ಸಿಂಗಲ್ ಫೇಸ್. ಮೈಮೇಲಿನ ತಗಡಿನಲ್ಲಿ 230 ವೋಲ್ಟ್, 6.5 ಆಂಪ್ ಎಂದಿದೆ. ಟ್ಯಾಂಕಿನಲ್ಲಿ ಎರಡು ಫ್ಲೋಟ್, ಸಂಪಿನಲ್ಲಿ ಒಂದು ಫ್ಲೋಟ್. ಇವನ್ನು ಓದಲು ಇಎಸ್‌ಪಿ8266 ಬೋರ್ಡು. ದಿನಕ್ಕೆ ಎರಡು, ಹೆಚ್ಚೆಂದರೆ ಮೂರು ಸಲ ಮೋಟರ್ ಓಡುತ್ತದೆ, ಒಂದೊಂದು ಸಲ 20-25 ನಿಮಿಷ.

ಕೈಯಲ್ಲಿ ಎರಡು ವಸ್ತುಗಳಿವೆ. ಒಂದು, ನೀಲಿ ಬಣ್ಣದ 10 ಆಂಪ್ ರಿಲೇ ಇರುವ ಮಾಡ್ಯೂಲ್. ಇನ್ನೊಂದು, 40 ಆಂಪ್ ಎಂದು ಬರೆದಿರುವ ಎಸ್‌ಎಸ್‌ಆರ್, ಅಂದರೆ ಸಾಲಿಡ್ ಸ್ಟೇಟ್ ರಿಲೇ. ಎರಡರಲ್ಲಿ ಯಾವುದನ್ನು ಹಾಕಲಿ? ಬೇರೆಯೇ ಬೇಕೆಂದರೆ ಅದನ್ನೂ ಹೇಳಿ.

ಬೆಸುಗೆ_ಬೋರ್ಡ್

ಎಸ್‌ಎಸ್‌ಆರ್ ಹಾಕಿ, ಯೋಚನೆಯೇ ಬೇಡ. ಒಳಗೆ ಅಲ್ಲಾಡುವ ಭಾಗ ಇಲ್ಲ, ಕಿಡಿ ಇಲ್ಲ, ಸವೆತ ಇಲ್ಲ. ನಿಮ್ಮ ಮೋಟರ್ 6.5 ಆಂಪ್, ಎಸ್‌ಎಸ್‌ಆರ್ 40 ಆಂಪ್. ಆರು ಪಟ್ಟು ಜಾಗ ಬಿಟ್ಟ ಹಾಗಾಯಿತು. ನೀಲಿ ರಿಲೇ ಮಾತ್ರ ಮೋಟರಿಗೆ ಹಾಕಬೇಡಿ, ಕಾಂಟ್ಯಾಕ್ಟ್ ಅಂಟಿಕೊಳ್ಳುತ್ತದೆ.

ಹಳೇ_ಪ್ಯಾನೆಲ್ (ಹುಬ್ಬಳ್ಳಿ)

ನೀಲಿ ರಿಲೇ ಬೇಡ ಅಂದಿದ್ದು ಸರಿ. ಉಳಿದ ಲೆಕ್ಕ ಅಷ್ಟು ಸರಳವಲ್ಲ.

ತಗಡಿನ ಮೇಲಿರುವ 6.5 ಆಂಪ್ ಮೋಟರ್ ಓಡುವಾಗಿನ ಕರೆಂಟು. ನಿಂತ ಮೋಟರ್ ತಿರುಗಲು ಶುರುವಾಗುವ ಹೊತ್ತಿನಲ್ಲಿ ಅದರ ಐದಾರು ಪಟ್ಟು ಎಳೆಯುತ್ತದೆ. ಅಂದರೆ 33ರಿಂದ 39 ಆಂಪ್. ಬೇರಿಂಗ್ ಹಗುರವಾಗಿದ್ದು ವೋಲ್ಟೇಜ್ ಸರಿಯಿದ್ದರೆ ಇದು ಅರ್ಧ ಸೆಕೆಂಡಿನೊಳಗೆ ಮುಗಿಯುತ್ತದೆ. ನೀಲಿ ರಿಲೇಯ 10 ಆಂಪ್ ಎಂಬುದು ಬಲ್ಬು, ಹೀಟರ್‌ನಂಥ ಲೋಡಿಗೆ ಕೊಟ್ಟ ಅಂಕಿ, ಮೋಟರಿನದಲ್ಲ. ರಿಲೇ ಮುಚ್ಚಿಕೊಳ್ಳುವಾಗ ಕಾಂಟ್ಯಾಕ್ಟ್ ಒಂದೆರಡು ಸಲ ಪುಟಿಯುತ್ತದೆ. ಆ ಪುಟಿತದ ನಡುವೆ 35 ಆಂಪ್ ಹರಿದರೆ ಲೋಹ ಕರಗಿ ಬೆಸೆದುಕೊಳ್ಳುತ್ತದೆ. ಕೆಲವು ವಾರ ಚೆನ್ನಾಗಿ ಓಡಿ, ಆಮೇಲೆ ಒಂದು ದಿನ ಟಕ್ ಎಂಬ ಸದ್ದು ಬಂದರೂ ಮೋಟರ್ ನಿಲ್ಲದಿರುವುದು ಹೀಗೆ. ಡಬ್ಬಿಯನ್ನು ತಟ್ಟಿದರೆ ಬಿಟ್ಟುಕೊಳ್ಳಬಹುದು. ಆದರೆ ಒಮ್ಮೆ ಅಂಟಿದ ಕಾಂಟ್ಯಾಕ್ಟಿನ ಮುಖ ಒರಟಾಗಿರುತ್ತದೆ, ಮತ್ತೆ ಅಂಟಿಯೇ ಅಂಟುತ್ತದೆ. ತಟ್ಟಿ ಸರಿಮಾಡಿದ ರಿಲೇಯನ್ನು ಉಳಿಸಿಕೊಳ್ಳಬೇಡಿ.

ಇನ್ನು 40 ಆಂಪ್ ಎಸ್‌ಎಸ್‌ಆರ್. ಅದೂ ಹೀಟರ್ ಲೆಕ್ಕದ 40, ಅದೂ ದೊಡ್ಡ ಹೀಟ್‌ಸಿಂಕ್ ಮೇಲೆ ಕೂರಿಸಿದಾಗ. ನಿಮ್ಮ ಮೋಟರ್ ಶುರುವಾಗಲು ಅದು ಸಾಲುತ್ತದೆ, ಸಾಲುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಕೆಟ್ಟಾಗ ಹೇಗೆ ಕೆಡುತ್ತದೆ ಎಂಬುದೇ ನನ್ನ ಚಿಂತೆ. ಎಸ್‌ಎಸ್‌ಆರ್ ಸುಟ್ಟರೆ ಬಹುಪಾಲು ಶಾರ್ಟ್ ಆಗಿಯೇ ಸುಡುತ್ತದೆ. ಅಂದರೆ ಮೋಟರ್ ಆನ್ ಆಗಿಯೇ ಉಳಿಯುತ್ತದೆ. ನೀರಿನ ಪಂಪಿಗೆ ಅದಕ್ಕಿಂತ ಕೆಟ್ಟ ಸ್ಥಿತಿ ಇಲ್ಲ: ಮೇಲೆ ಟ್ಯಾಂಕ್ ಉಕ್ಕುತ್ತದೆ, ಕೆಳಗೆ ಸಂಪು ಬರಿದಾಗುತ್ತದೆ, ಪಂಪು ನೀರಿಲ್ಲದೆ ಓಡಿ ಸೀಲ್ ಸುಡುತ್ತದೆ.

ನನ್ನ ಸಲಹೆ ಎರಡೂ ಅಲ್ಲ. ಮೋಟರಿಗೆ ಕಾಂಟ್ಯಾಕ್ಟರ್ ಎಂಬ ದೊಡ್ಡ ರಿಲೇ ಹಾಕಿ. ಅದರ ಕಾಯಿಲನ್ನು ನಿಮ್ಮ ನೀಲಿ ರಿಲೇ ಎಳೆಯಲಿ. ನೀಲಿ ರಿಲೇ ಆ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಬೆಸುಗೆ_ಬೋರ್ಡ್

ಕಾಂಟ್ಯಾಕ್ಟರ್ ಕೂಡ ಮೆಕ್ಯಾನಿಕಲ್ ತಾನೇ? ಅದೂ ಅಂಟುತ್ತದಲ್ಲ? ಜೊತೆಗೆ ಎಸ್‌ಎಸ್‌ಆರ್‌ಗೆ ಆಯುಷ್ಯ ಕೋಟಿಗಟ್ಟಲೆ ಸಲ.

ಹಳೇ_ಪ್ಯಾನೆಲ್

ಅಂಟಬಹುದು, ಒಪ್ಪುತ್ತೇನೆ. ಆದರೆ ಕಾಂಟ್ಯಾಕ್ಟರನ್ನು ಮೋಟರ್ ಶುರು ಮಾಡಲೆಂದೇ ರೂಪಿಸಿರುತ್ತಾರೆ. ಅದರ ಮೇಲೆ ಎಸಿ-1 ಎಂದೂ ಎಸಿ-3 ಎಂದೂ ಎರಡು ಅಂಕಿ ಇರುತ್ತವೆ. ಎಸಿ-1 ಹೀಟರಿನ ಅಂಕಿ. ಎಸಿ-3 ಎಂದರೆ ಮೋಟರನ್ನು ನಿಂತಲ್ಲಿಂದ ಶುರು ಮಾಡಿ, ಓಡುತ್ತಿರುವಾಗ ನಿಲ್ಲಿಸುವ ಕೆಲಸಕ್ಕೆ ಕೊಟ್ಟ ಅಂಕಿ, ಶುರುವಿನ ಆರು ಪಟ್ಟು ಕರೆಂಟು ಅದರ ಲೆಕ್ಕದೊಳಗೇ ಇದೆ. ನೀವು ನೋಡಬೇಕಾದ್ದು ಎಸಿ-3. ಅದು 9 ಆಂಪ್ ಇದ್ದರೆ 6.5 ಆಂಪ್ ಮೋಟರಿಗೆ ಸಾಕು, 12 ತಂದರೆ ಇನ್ನೂ ನೆಮ್ಮದಿ. ಅಂಗಡಿಯಲ್ಲಿ 25 ಆಂಪ್ ಎಂದು ಕೊಟ್ಟಿದ್ದು ಎಸಿ-1 ಅಂಕಿಯೂ ಆಗಿರಬಹುದು. ಪಕ್ಕದಲ್ಲಿ ಅಂಟಿಸಿರುವ ಚೀಟಿ ಓದದೆ ತರಬೇಡಿ.

ಆಯುಷ್ಯದ ಮಾತು. ದಿನಕ್ಕೆ ಮೂರು ಸಲ ಎಂದರೆ ವರ್ಷಕ್ಕೆ ಸುಮಾರು 1100 ಸಲ. ಕಾಂಟ್ಯಾಕ್ಟ್ ಒಂದು ಲಕ್ಷ ಸಲಕ್ಕೇ ಸವೆಯುತ್ತದೆ ಎಂದುಕೊಂಡರೂ 90 ವರ್ಷ. ಕೋಟಿ ಸಲ ಬಾಳುವ ವಸ್ತು ಇಲ್ಲಿ ಯಾರಿಗೂ ಬೇಕಾಗಿಲ್ಲ. ಎಸ್‌ಎಸ್‌ಆರ್‌ನ ಅತಿ ದೊಡ್ಡ ಗುಣವೇ ಈ ಕೆಲಸದಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ತೋಟದ_ಮನೆ (ತುಮಕೂರು)

ನಮ್ಮದು ಬೋರ್‌ವೆಲ್, 1.5 ಎಚ್‌ಪಿ ಸಬ್‌ಮರ್ಸಿಬಲ್, ಸಿಂಗಲ್ ಫೇಸ್. ಗೋಡೆಯ ಮೇಲೆ ಡಬ್ಬಿ ಇದೆ, ಹಸಿರು ಬಟನ್, ಕೆಂಪು ಬಟನ್. ಡಬ್ಬಿಗೆ ಬರುವ ಫೇಸ್ ವಯರಿಗೆ 40 ಆಂಪ್ ಎಸ್‌ಎಸ್‌ಆರ್ ಹಾಕಿದ್ದೇವೆ. ಎಸ್‌ಎಸ್‌ಆರ್ ದೀಪ ಉರಿಯುತ್ತದೆ, ಮೋಟರ್ ಮಾತ್ರ ಏಳುವುದಿಲ್ಲ. 60 ಆಂಪ್ ತರಬೇಕಾ?

ನೀರಿನ_ಲೆಕ್ಕ

ಅಣ್ಣಾ, ಅದು ಬೇರೆಯೇ ಪ್ರಶ್ನೆ. 60 ಅಲ್ಲ, 100 ಆಂಪ್ ತಂದರೂ ಏಳುವುದಿಲ್ಲ. ನಿಮ್ಮ ಡಬ್ಬಿಯಲ್ಲಿ ಎರಡು ಕೆಪಾಸಿಟರ್ ಇರಬೇಕು. ಒಂದು ಸದಾ ಇರುವುದು. ಇನ್ನೊಂದು ಸ್ಟಾರ್ಟಿಂಗ್ ಕೆಪಾಸಿಟರ್, ಹಸಿರು ಬಟನ್ ಒತ್ತಿ ಹಿಡಿದಿರುವಷ್ಟು ಹೊತ್ತು ಮಾತ್ರ ಸೇರಿಕೊಳ್ಳುತ್ತದೆ. ಕೈಯಿಂದ ಹಾಕುವಾಗ ಒಂದೆರಡು ಸೆಕೆಂಡ್ ಒತ್ತಿ ಹಿಡಿಯುತ್ತೀರಲ್ಲ, ಅದಕ್ಕೇ. ಬರೀ ಫೇಸ್ ಕೊಟ್ಟರೆ ಆ ಕೆಪಾಸಿಟರ್ ಸೇರುವುದಿಲ್ಲ. ಕರೆಂಟು ಹೋದಾಗ ಬಟನ್ ತಾನೇ ಬಿಟ್ಟುಕೊಳ್ಳುವ ಬಗೆಯದಾದರೆ ಮೋಟರಿಗೆ ಕರೆಂಟೇ ತಲುಪುವುದಿಲ್ಲ. ತಲುಪುವ ಬಗೆಯದಾದರೆ ಮೋಟರ್ ಗುಂಯ್ ಎನ್ನುತ್ತಾ ನಿಂತಲ್ಲೇ ಬಿಸಿಯಾಗುತ್ತದೆ. ಎರಡನೆಯದಾದರೆ ಈಗಲೇ ಎಂಸಿಬಿ ಇಳಿಸಿ, ವೈಂಡಿಂಗ್ ಹೋಗುತ್ತದೆ.

ಅದಕ್ಕೆಂದೇ ಸಿಗುವ ಆಟೋ ಸ್ಟಾರ್ಟರ್ ಪ್ಯಾನೆಲ್ ಹಾಕಿಸಿ. ಅದರಲ್ಲಿ ಸ್ಟಾರ್ಟಿಂಗ್ ಕೆಪಾಸಿಟರನ್ನು ಸೇರಿಸಿ ಬಿಡಿಸುವ ಕೆಲಸ ಒಳಗೇ ನಡೆಯುತ್ತದೆ. ಹೊರಗಿನಿಂದ ನೀವು ಒಂದು ಚಿಕ್ಕ ರಿಲೇಯಲ್ಲಿ ಆನ್-ಆಫ್ ಹೇಳಿದರೆ ಸಾಕು.

ತೋಟದ_ಮನೆ

ಗುಂಯ್ ಅನ್ನುವುದಿಲ್ಲ, ಸುಮ್ಮನೆ ಇರುತ್ತದೆ. ಹಾಗಾದರೆ ಕರೆಂಟೇ ಹೋಗುತ್ತಿಲ್ಲ. ಎಸ್‌ಎಸ್‌ಆರ್ ತೆಗೆಯುತ್ತೇನೆ.

ಲೋ_ವೋಲ್ಟ್ (ಮಲೆನಾಡು)

ಕಾಂಟ್ಯಾಕ್ಟರ್ ಎನ್ನುವವರಿಗೆ ಒಂದು ಪ್ರಶ್ನೆ. ನಮ್ಮ ಕಡೆ ಸಂಜೆ 170 ವೋಲ್ಟ್ ಬರುತ್ತದೆ. ಕಾಂಟ್ಯಾಕ್ಟರ್ ಟರ್ರೆಂದು ಬಡಿದುಕೊಳ್ಳುತ್ತದೆ. ಎಸ್‌ಎಸ್‌ಆರ್‌ಗೆ ಆ ಗೋಳಿಲ್ಲ, ಅಲ್ಲವೇ?

ಹಳೇ_ಪ್ಯಾನೆಲ್

ಒಳ್ಳೆಯ ಪ್ರಶ್ನೆ. ಇಲ್ಲಿ ಎಸ್‌ಎಸ್‌ಆರ್ ಪರವಾಗಿ ನಿಜವಾದ ವಾದವೊಂದಿದೆ.

230 ವೋಲ್ಟಿನ ಕಾಯಿಲ್ ಖಚಿತವಾಗಿ ಎಳೆದುಕೊಳ್ಳಬೇಕಾದರೆ ಅದರ 85 ಶೇಕಡಾ ಬೇಕು, ಅಂದರೆ ಸುಮಾರು 195 ವೋಲ್ಟ್. 170ರಲ್ಲಿ ಅದು ಅರ್ಧ ಎಳೆದು ಬಿಡುತ್ತದೆ. ಒಮ್ಮೆ ಹಿಡಿದುಕೊಂಡರೂ, ಮೋಟರ್ ಶುರುವಾಗುವಾಗ ಲೈನ್ ಇನ್ನೂ ಕುಸಿದು ಮತ್ತೆ ಬಿಡುತ್ತದೆ. ಪ್ರತಿ ಬಡಿತದಲ್ಲೂ ಕಾಂಟ್ಯಾಕ್ಟ್ ಮೇಲೆ ಸ್ಟಾರ್ಟಿಂಗ್ ಕರೆಂಟು ಬೀಳುತ್ತದೆ. ಬಡಿದುಕೊಳ್ಳುವ ಕಾಂಟ್ಯಾಕ್ಟರ್ ಒಂದೇ ಸಂಜೆಯಲ್ಲಿ ಅಂಟಿಕೊಂಡೀತು.

ಪರಿಹಾರ ಕಾಯಿಲನ್ನು ಬದಲಿಸುವುದು. 24 ವೋಲ್ಟ್ ಡಿಸಿ ಕಾಯಿಲ್ ಇರುವ ಕಾಂಟ್ಯಾಕ್ಟರ್ ಸಿಗುತ್ತದೆ. ಅದಕ್ಕೆ 90ರಿಂದ 264 ವೋಲ್ಟ್ ತನಕ ಒಪ್ಪುವ ಚಿಕ್ಕ ಎಸ್‌ಎಂಪಿಎಸ್ ಕೊಡಿ. ಲೈನ್ 150ಕ್ಕೆ ಬಿದ್ದರೂ ಕಾಯಿಲಿಗೆ 24 ಬರುತ್ತಲೇ ಇರುತ್ತದೆ. 12 ವೋಲ್ಟ್ ಕಾಯಿಲಿನ 30 ಆಂಪ್ ಪವರ್ ರಿಲೇಯೂ ನಡೆಯುತ್ತದೆ, ಆದರೆ ಅದರ ಡೇಟಾಶೀಟಿನಲ್ಲಿ ಎಷ್ಟು ಎಚ್‌ಪಿ ಮೋಟರಿಗೆ ಎಂದು ಬರೆದಿರಬೇಕು. ಬರೆದಿಲ್ಲದಿದ್ದರೆ ಬಿಡಿ. ಅಂಥ ರಿಲೇಯನ್ನು ಬೋರ್ಡಿಗೆ ಬೆಸೆದು ಕೊಟ್ಟಿದ್ದರೆ, ಮೋಟರ್ ಕರೆಂಟು ಬೋರ್ಡಿನ ತೆಳು ತಾಮ್ರದ ಗೆರೆಯಲ್ಲಿ ಹರಿಯಕೂಡದು. ತಲೆಯ ಮೇಲೆ ಲಗ್ ಸಿಕ್ಕಿಸುವ ಬಗೆಯ ರಿಲೇ ತನ್ನಿ.

ಇದರ ಮೇಲೆ ಇನ್ನೊಂದು ವಿಷಯ. ಸ್ವಿಚ್ ಯಾವುದೇ ಇರಲಿ, 170 ವೋಲ್ಟಿನಲ್ಲಿ ಆ ಮೋಟರನ್ನು ಹಾಕಲೇಬೇಕೇ? ತಿರುಗಿಸುವ ಬಲ ವೋಲ್ಟೇಜಿನ ವರ್ಗದಂತೆ ಇಳಿಯುತ್ತದೆ. 230ಕ್ಕೆ 100 ಇದ್ದದ್ದು 170ಕ್ಕೆ ಸುಮಾರು 55. ಮೋಟರ್ ಏಳದೆ ನಿಂತುಬಿಟ್ಟರೆ, ಎಸ್‌ಎಸ್‌ಆರ್ ಅದಕ್ಕೆ 25 ಆಂಪ್ ತಣ್ಣಗೆ ಕೊಡುತ್ತಲೇ ಇರುತ್ತದೆ. ತಗಡಿನ ಮೇಲೆ 180-240 ಎಂದು ಬರೆದಿದ್ದರೆ 180ರ ಕೆಳಗೆ ಶುರು ಮಾಡಬಾರದು ಎಂಬ ನಿಯಮವನ್ನು ಕಂಟ್ರೋಲರಿನಲ್ಲೇ ಇಡಿ.

ಸಂಪು_ಟು_ಟ್ಯಾಂಕ್

ನಮ್ಮಲ್ಲಿ ವೋಲ್ಟೇಜ್ 215ಕ್ಕಿಂತ ಕೆಳಗೆ ಇಳಿದದ್ದು ನೋಡಿಲ್ಲ. ಆದರೂ ಎಸ್‌ಎಸ್‌ಆರ್ ಕೊಂಡಾಗಿದೆ, ಅದನ್ನೇ ಹೀಟ್‌ಸಿಂಕ್ ಮೇಲೆ ಕೂರಿಸಿ ಬಳಸಿದರೆ ನಿಜಕ್ಕೂ ಏನೇನು ತಪ್ಪಬಹುದು? ಬೇಡ ಎನ್ನುವುದಕ್ಕಿಂತ ಕಾರಣ ತಿಳಿದರೆ ಒಳ್ಳೆಯದು.

ನೀರಿನ_ಲೆಕ್ಕ

ಮೊದಲು ಬಿಸಿ. ಎಸ್‌ಎಸ್‌ಆರ್ ಆನ್ ಇರುವಾಗ ತನ್ನೊಳಗೆ ಸುಮಾರು 1.3 ವೋಲ್ಟ್ ಉಳಿಸಿಕೊಳ್ಳುತ್ತದೆ. 6.5 ಆಂಪಿಗೆ ಅದು ಎಂಟೂವರೆ ವಾಟ್. ಕಡಿಮೆ ಅನಿಸುತ್ತದೆ, ಆದರೆ ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯೊಳಗೆ 25 ನಿಮಿಷ ಅದು ಹೊರಹೋಗುವ ದಾರಿಯಿಲ್ಲದೆ ಸೇರುತ್ತಾ ಹೋಗುತ್ತದೆ. ಪ್ರತಿ ವಾಟಿಗೆ 2.5 ಡಿಗ್ರಿ ಏರುವ ಹೀಟ್‌ಸಿಂಕ್ ತೆಗೆದುಕೊಂಡರೆ 21 ಡಿಗ್ರಿ ಏರಿಕೆ. ಹೀಟ್‌ಸಿಂಕ್ ಸುತ್ತಲಿನ ಗಾಳಿ 45 ಇದ್ದರೆ ಎಸ್‌ಎಸ್‌ಆರ್ ತಳ 66ಕ್ಕೆ ನಿಲ್ಲುತ್ತದೆ, ತೊಂದರೆ ಇಲ್ಲ. ಹೀಟ್‌ಸಿಂಕ್ ಡಬ್ಬಿಯ ಹೊರಗೆ ಗಾಳಿಯಲ್ಲಿರಬೇಕು, ರೆಕ್ಕೆಗಳು ನೆಟ್ಟಗೆ ಮೇಲೆ-ಕೆಳಗೆ ನಿಲ್ಲಬೇಕು, ತಳಕ್ಕೆ ಹೀಟ್‌ಸಿಂಕ್ ಪೇಸ್ಟ್ ತೆಳ್ಳಗೆ ಸವರಬೇಕು. ಹೊರಗಿರುವ ಆ ಲೋಹಕ್ಕೆ ಅರ್ತ್ ವಯರ್ ತಪ್ಪದೆ ಕೊಡಿ. ಇದೇ ಕರೆಂಟಿಗೆ ಕಾಂಟ್ಯಾಕ್ಟರ್ ಕಾಂಟ್ಯಾಕ್ಟಿನಲ್ಲಿ ಹುಟ್ಟುವ ಬಿಸಿ ಒಂದು ವಾಟ್ ಕೂಡ ಇಲ್ಲ.

ಎರಡನೆಯದು ಪಂಪ್ ಜಾಮ್ ಆದಾಗ. ಮೋಟರ್ ತಿರುಗದೆ 35 ಆಂಪ್ ಎಳೆದರೆ ಎಸ್‌ಎಸ್‌ಆರ್ ಒಳಗೆ 45 ವಾಟ್. ಎಂಸಿಬಿ ಇಷ್ಟು ಕರೆಂಟಿಗೆ ಬೀಳಲು ಹಲವಾರು ಸೆಕೆಂಡ್ ತೆಗೆದುಕೊಳ್ಳುತ್ತದೆ. ವಯರ್ ಶಾರ್ಟ್ ಆದರೆ ಇನ್ನೂ ಕಷ್ಟ. ಎಂಸಿಬಿ ಬೀಳುವ ಮಿಲಿಸೆಕೆಂಡುಗಳೊಳಗೇ ಎಸ್‌ಎಸ್‌ಆರ್‌ನ ಸಿಲಿಕಾನ್ ಕರಗಿರುತ್ತದೆ. ಅದನ್ನು ಉಳಿಸಲು ಸೆಮಿಕಂಡಕ್ಟರ್ ಫ್ಯೂಸ್ ಎಂಬ ಬೇರೆಯೇ ವೇಗದ ಫ್ಯೂಸ್ ಬೇಕು, ಅದು ಮೂಲೆ ಅಂಗಡಿಯಲ್ಲಿ ಸಿಗುವುದಿಲ್ಲ. ಕಾಂಟ್ಯಾಕ್ಟರ್ ಇಂಥ ಏಟಿಗೆ ಕಾಂಟ್ಯಾಕ್ಟ್ ಕಪ್ಪಾಗಿಸಿಕೊಂಡು ಬದುಕುಳಿಯುವ ಸಾಧ್ಯತೆ ಹೆಚ್ಚು.

ಮೂರನೆಯದನ್ನು ಜನ ಹೇಳುವುದೇ ಕಡಿಮೆ. ಎಸ್‌ಎಸ್‌ಆರ್ ಒಳಗೆ ಎಸ್‌ಸಿಆರ್ ಎಂಬ ಎರಡು ಸಿಲಿಕಾನ್ ಸ್ವಿಚ್ಚುಗಳು ಬೆನ್ನಿಗೆ ಬೆನ್ನು ಹಚ್ಚಿ ಕೂತಿರುತ್ತವೆ, ಒಂದೊಂದು ಅರ್ಧ ಅಲೆಗೆ ಒಂದೊಂದು. ಅದರಲ್ಲಿ ಒಂದು ಮಾತ್ರ ಶಾರ್ಟ್ ಆದರೆ, ಆಫ್ ಎಂದ ಮೇಲೂ ಮೋಟರಿಗೆ ಅರ್ಧ ಅಲೆ ಹೋಗುತ್ತಿರುತ್ತದೆ. ಅರ್ಧ ಅಲೆ ಎಂದರೆ ಡಿಸಿ ಬೆರೆತ ಕರೆಂಟು. ಮೋಟರ್ ತಿರುಗುವುದಿಲ್ಲ, ಗಡುಸಾಗಿ ಗುಂಯ್‌ಗುಟ್ಟುತ್ತದೆ, ವೈಂಡಿಂಗ್ ಬಿಸಿಯೇರುತ್ತದೆ. ನೀರು ಬರದಿರುವುದರಿಂದ ಮೋಟರ್ ಆಫ್ ಆಗಿದೆ ಎಂದೇ ಮನೆಯವರು ತಿಳಿದಿರುತ್ತಾರೆ. ಗುರುತಿಸುವುದು ಹೀಗೆ: ಆಫ್ ಹೇಳಿದ ಮೇಲೆ ಮೋಟರ್ ವಯರುಗಳ ನಡುವೆ ಮೀಟರನ್ನು ಡಿಸಿಗೆ ಇಟ್ಟು ನೋಡಿ. ಸೊನ್ನೆಯ ಆಸುಪಾಸಿನ ಬದಲು ಹತ್ತಾರು ವೋಲ್ಟ್ ಡಿಸಿ ಕಂಡರೆ, ಲೈನ್ ಕುಸಿಯದಿದ್ದರೆ 100ರ ತನಕವೂ ಹೋಗಬಹುದು, ಒಂದು ಎಸ್‌ಸಿಆರ್ ಹೋಗಿದೆ.

ಬೆಸುಗೆ_ಬೋರ್ಡ್

ಅರ್ಧ ಅಲೆಯ ವಿಷಯ ನನಗೆ ಹೊಸದು. ಆದರೆ ನಾನು ಎಸ್‌ಎಸ್‌ಆರ್ ಆಫ್ ಇದ್ದಾಗ ಮೀಟರ್ ಎಸಿಗೆ ಇಟ್ಟು ನೋಡಿದ್ದೇನೆ, ಮೋಟರ್ ಬಿಚ್ಚಿದ್ದಾಗ 200ಕ್ಕೂ ಹೆಚ್ಚು ತೋರಿಸಿತು. ಅದು ಕೆಟ್ಟ ಎಸ್‌ಎಸ್‌ಆರಾ?

ಹಳೇ_ಪ್ಯಾನೆಲ್

ಕೆಟ್ಟಿಲ್ಲ. ಎಸ್‌ಎಸ್‌ಆರ್ ಎಂದೂ ಪೂರ್ತಿ ಆಫ್ ಆಗುವುದಿಲ್ಲ. ಒಳಗಿರುವ ಸ್ನಬರ್ ಮೂಲಕ ಕೆಲವು ಮಿಲಿಆಂಪ್ ಸೋರುತ್ತಿರುತ್ತದೆ. ಮೋಟರ್ ಸೇರಿಸಿದ್ದಾಗ ಆ ವೋಲ್ಟೇಜ್ ಕುಸಿದು ಸೊನ್ನೆಯ ಹತ್ತಿರ ಬರುತ್ತದೆ, ಬಿಚ್ಚಿದಾಗ ಮೀಟರಿನಲ್ಲಿ ಪೂರ್ತಿ ಕಾಣುತ್ತದೆ. ಟೆಸ್ಟರ್ ಕೂಡ ಉರಿಯುತ್ತದೆ.

ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೊಬೈಲಿನಲ್ಲಿ ಆಫ್ ಎಂದು ಕಂಡಿತೆಂದು ಸಂಪಿನ ಪಕ್ಕದ ಒದ್ದೆ ನೆಲದಲ್ಲಿ ಕೂತು ಮೋಟರ್ ಟರ್ಮಿನಲ್ ಮುಟ್ಟಿದರೆ ಷಾಕ್ ಹೊಡೆಯುತ್ತದೆ. ಎಸ್‌ಎಸ್‌ಆರ್ ಇರಲಿ, ಕಾಂಟ್ಯಾಕ್ಟರ್ ಇರಲಿ, ಮೋಟರ್ ಹತ್ತಿರವೇ ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್ ಎಂಸಿಬಿ ಇರಬೇಕು. ಮೇಲೆ 30 ಮಿಲಿಆಂಪ್ ಆರ್‌ಸಿಸಿಬಿ, ಮೋಟರಿನ ಬಾಡಿಗೆ ಅರ್ತ್. ರಿಪೇರಿಗೆ ಬಂದವರಿಗೆ ಕಂಟ್ರೋಲರ್ ಬಗ್ಗೆ ಗೊತ್ತಿರುವುದಿಲ್ಲ, ಹಾಗಾಗಿ ಮೋಟರ್ ತಾನಾಗಿ ಆನ್ ಆಗುತ್ತದೆ ಎಂದು ಕನ್ನಡದಲ್ಲಿ ಬರೆದು ಅಲ್ಲಿ ಅಂಟಿಸಿಡಿ.

ನೀರಿನ_ಲೆಕ್ಕ

ಕಾಂಟ್ಯಾಕ್ಟರಿನ ಒಂದು ದೋಷವನ್ನೂ ಹೇಳಬೇಕು: ಇರುವೆ. ಸಂಪಿನ ಮೂಲೆಯ ಬಿಸಿಬಿಸಿ ಡಬ್ಬಿ ಅವಕ್ಕೆ ಇಷ್ಟ. ಕಾಂಟ್ಯಾಕ್ಟ್ ನಡುವೆ ಸಿಕ್ಕಿ ಸತ್ತು ಪದರ ಕಟ್ಟುತ್ತವೆ, ಆಮೇಲೆ ಕಾಂಟ್ಯಾಕ್ಟರ್ ಎಳೆದರೂ ಮೋಟರಿಗೆ ಕರೆಂಟು ಹೋಗುವುದಿಲ್ಲ, ಅಥವಾ ಕಾಯಿಲ್ ಜೋರಾಗಿ ಗುಂಯ್ ಎನ್ನುತ್ತದೆ. ಹಲ್ಲಿಯೂ ಹೊಕ್ಕೀತು. ರಬ್ಬರ್ ಅಂಚಿನ ಮುಚ್ಚಳವಿರುವ ಡಬ್ಬಿ ತಂದು, ಪ್ರತಿ ವಯರನ್ನೂ ಕೇಬಲ್ ಗ್ಲ್ಯಾಂಡ್ ಮೂಲಕ ಒಳಕ್ಕೆ ಬಿಡಿ, ಖಾಲಿ ತೂತು ಒಂದೂ ಇರಬಾರದು. ಈ ವಿಷಯದಲ್ಲಿ ಎಸ್‌ಎಸ್‌ಆರೂ, ಮುಚ್ಚಿದ ಪವರ್ ರಿಲೇಯೂ ಮೇಲು.

ಸಂಪು_ಟು_ಟ್ಯಾಂಕ್

ಸರಿ, ಕಾಂಟ್ಯಾಕ್ಟರ್ ಎಂದೇ ಇಟ್ಟುಕೊಳ್ಳೋಣ. ವಯರಿಂಗ್ ಹೇಗೆ? ಓವರ್‌ಲೋಡ್ ರಿಲೇಯೂ ಸೇರಿಸಬೇಕೆಂದಿದ್ದೇನೆ.

ಹಳೇ_ಪ್ಯಾನೆಲ್

ಡಬಲ್ ಪೋಲ್ ಎಂಸಿಬಿ 16 ಆಂಪ್, ಸಿ ಬಗೆಯದು. ಅಲ್ಲಿಂದ ಫೇಸೂ ನ್ಯೂಟ್ರಲ್ಲೂ ಕಾಂಟ್ಯಾಕ್ಟರಿನ ಒಂದೊಂದು ಪೋಲ್ ಮೂಲಕ ಹೋಗಲಿ, ಆಗ ಆಫ್ ಇದ್ದಾಗ ಎರಡೂ ಕಡಿದಿರುತ್ತವೆ. ವಯರ್ 2.5 ಚದರ ಮಿಮೀ ತಾಮ್ರ.

ಓವರ್‌ಲೋಡ್ ರಿಲೇ ಮೂರು ಫೇಸಿಗೆಂದು ಮಾಡಿದ್ದು. ಎರಡು ಪೋಲಿನಲ್ಲಿ ಮಾತ್ರ ಕರೆಂಟು ಹರಿಸಿದರೆ ಅದು ಒಂದು ಫೇಸ್ ಹೋಗಿದೆ ಎಂದು ತಿಳಿದು ಸುಮ್ಮಸುಮ್ಮನೆ ಬೀಳುತ್ತದೆ. ಫೇಸ್ ಒಂದನೇ ಪೋಲ್‌ನಿಂದ ಇಳಿದು, ಅಲ್ಲಿಂದ ತುಂಡು ವಯರಿನಲ್ಲಿ ಮತ್ತೆ ಮೇಲಕ್ಕೆ ಬಂದು ಎರಡನೇ ಪೋಲ್‌ನಿಂದ ಇಳಿದು ಮೋಟರಿಗೆ ಹೋಗಲಿ. ನ್ಯೂಟ್ರಲ್ ಮೂರನೇ ಪೋಲ್‌ನಲ್ಲಿ. ಈಗ ಮೂರರಲ್ಲೂ ಒಂದೇ ಕರೆಂಟು. ಡಯಲನ್ನು ತಗಡಿನ ಅಂಕಿಗೇ ಇಡಿ, ನಿಮ್ಮದಕ್ಕೆ 6.5. ಬೀಳುತ್ತದೆಂದು 8ಕ್ಕೆ ತಿರುಗಿಸುವವರಿದ್ದಾರೆ, ಹಾಗೆ ಮಾಡಿದರೆ ಅದು ಇದ್ದೂ ಇಲ್ಲದಂತೆ.

ಕಾಯಿಲ್ ಕಡೆ: ಫೇಸ್, ಓವರ್‌ಲೋಡಿನ 95-96 ಕಾಂಟ್ಯಾಕ್ಟ್, ನಿಮ್ಮ ನೀಲಿ ರಿಲೇ, ಕಾಂಟ್ಯಾಕ್ಟರಿನ ಎ1. ಎ2 ನ್ಯೂಟ್ರಲ್ಲಿಗೆ. ಎ1, ಎ2 ನಡುವೆ 100 ಓಮ್ ರೆಸಿಸ್ಟರ್ ಮತ್ತು 0.1 ಮೈಕ್ರೋಫ್ಯಾರಡ್ ಎಕ್ಸ್2 ಕೆಪಾಸಿಟರ್ ಒಂದರ ಹಿಂದೊಂದು ಸೇರಿಸಿ. ಕಾಯಿಲ್ ಬಿಡುವಾಗ ಏಳುವ ಅಲೆಗೆ ನಿಮ್ಮ ಇಎಸ್‌ಪಿ ರೀಸೆಟ್ ಆಗುವುದನ್ನು ಇದು ತಡೆಯುತ್ತದೆ. ಮೋಟರ್ ಆಫ್ ಆದ ಕ್ಷಣವೇ ವೈಫೈ ಕಡಿದು ಬೋರ್ಡ್ ಮತ್ತೆ ಶುರುವಾಗುತ್ತಿದ್ದರೆ ಕಾರಣ ಇದೇ. ಫ್ಲೋಟ್ ವಯರುಗಳನ್ನು ಮೋಟರ್ ವಯರಿನ ಪೈಪಿನಲ್ಲಿ ಎಳೆಯಬೇಡಿ.

ನೀರಿನ_ಲೆಕ್ಕ

ಕೋಡಿನಲ್ಲಿ ಎರಡು ವಿಷಯ ತಪ್ಪಬಾರದು. ನೀರಿನ ಅಲೆಗೆ ಫ್ಲೋಟ್ ಅಲ್ಲಾಡಿ ಮೋಟರ್ ಮೇಲಿಂದ ಮೇಲೆ ಶುರುವಾಗಬಾರದು. ಸ್ವಿಚ್ ಯಾವುದೇ ಇರಲಿ, ಅದನ್ನು ಬೇಗ ಕೊಲ್ಲುವುದು ಇದೇ. ಇನ್ನೊಂದು, ಫ್ಲೋಟ್ ಸಿಕ್ಕಿಕೊಂಡರೂ ಒಂದು ಹೊತ್ತಿಗೆ ಮೋಟರ್ ನಿಲ್ಲಬೇಕು. ನಿಮಗೆ ಟ್ಯಾಂಕ್ ತುಂಬಲು 25 ನಿಮಿಷ ಸಾಕಾದರೆ 40 ನಿಮಿಷದ ಗಡಿ ಇಡಿ.

```cpp
const int PUMP = 5;
const unsigned long REST = 180000UL;
const unsigned long MAX_RUN = 2400000UL;
bool on = false, fault = false;
unsigned long changedAt = 0;

void pump(bool want) {
  unsigned long dt = millis() - changedAt;
  if (on && dt > MAX_RUN) fault = true;
  if (fault) want = false;
  if (want == on) return;
  if (want && dt < REST) return;
  on = want;
  changedAt = millis();
  digitalWrite(PUMP, on ? HIGH : LOW);
}
```

ಇದನ್ನು ಲೂಪಿನಲ್ಲಿ ಪದೇಪದೇ ಕರೆಯಿರಿ. ಕರೆಂಟು ಹೋಗಿ ಬಂದಾಗಲೂ ಮೊದಲ ಮೂರು ನಿಮಿಷ ಮೋಟರ್ ಶುರುವಾಗುವುದಿಲ್ಲ, ಲೈನ್ ಸ್ಥಿರವಾಗಲು ಅಷ್ಟು ಸಮಯ ಒಳ್ಳೆಯದು. ಪಿನ್ 5 ಎಂದರೆ ಬೋರ್ಡಿನ ಮೇಲೆ ಡಿ1. ಪಿನ್ 0, 2ರಲ್ಲಿ ರಿಲೇ ಹಾಕಿದರೆ ಬೋರ್ಡ್ ಶುರುವಾಗುವ ಹೊತ್ತಿನಲ್ಲಿ ತಾನಾಗಿ ಬಡಿಯುತ್ತದೆ. ನಿಮ್ಮ ಮಾಡ್ಯೂಲ್ ಲೋ ಕೊಟ್ಟಾಗ ಆನ್ ಆಗುವ ಬಗೆಯದಾದರೆ ಕೊನೆಯ ಸಾಲಿನ ಹೈ, ಲೋ ಅದಲು ಬದಲು ಮಾಡಿ, ಸೆಟಪ್‌ನಲ್ಲಿ ಪಿನ್ ಔಟ್‌ಪುಟ್ ಮಾಡುವ ಮೊದಲೇ ಆಫ್ ಸ್ಥಿತಿ ಬರೆಯಿರಿ.

ಸಂಪು_ಟು_ಟ್ಯಾಂಕ್

ಕಾಂಟ್ಯಾಕ್ಟರ್ ಅಂಟಿದರೆ ಕೋಡು ಆಫ್ ಎಂದರೂ ಪ್ರಯೋಜನವಿಲ್ಲ ತಾನೇ? ಟ್ಯಾಂಕಿನ ತುದಿಯಲ್ಲಿ ಇನ್ನೊಂದು ಫ್ಲೋಟ್ ಇಟ್ಟು ಕಾಯಿಲಿನ ಸಾಲಿಗೆ ಸೇರಿಸಿದರೆ?

ಹಳೇ_ಪ್ಯಾನೆಲ್

ಅದು ಕಂಟ್ರೋಲರ್ ಹುಚ್ಚು ಹಿಡಿದಾಗ ಕಾಯುತ್ತದೆ, ಹಾಕಿ. ಕಾಂಟ್ಯಾಕ್ಟ್ ಅಂಟಿದಾಗ ಮಾತ್ರ ಕಾಯುವುದಿಲ್ಲ. ಕಾಯಿಲಿಗೆ ಕರೆಂಟು ನಿಂತರೂ ಅಂಟಿದ್ದು ಬಿಡುವುದಿಲ್ಲವಲ್ಲ. ಮೋಟರ್ ವಯರಿಗೆ ಕರೆಂಟ್ ಸೆನ್ಸರ್ ಹಾಕಿ, ಆಫ್ ಎಂದ ಮೂರು ಸೆಕೆಂಡಿನ ಮೇಲೂ ಒಂದು ಆಂಪ್‌ಗಿಂತ ಹೆಚ್ಚು ಕಂಡರೆ ಬಜರ್ ಕೂಗಲಿ.

ಅದಕ್ಕಿಂತ ನನಗೆ ಇಷ್ಟವಾದದ್ದು ಪೈಪಿನ ಉಪಾಯ. ಟ್ಯಾಂಕಿನ ಓವರ್‌ಫ್ಲೋ ಪೈಪನ್ನು ಬೀದಿಗೆ ಬಿಡದೆ ಸಂಪಿಗೇ ತಂದು ಬಿಡಿ. ಮೋಟರಿನ ಪೈಪು 1 ಇಂಚಾದರೆ ಇದು ಒಂದೂವರೆ ಇಂಚು ಇರಲಿ, ಏಕೆಂದರೆ ಇಳಿಯುವ ನೀರಿಗೆ ಒತ್ತಡವಿಲ್ಲ. ಸಂಪಿನ ಕಡೆಯ ಬಾಯಿಗೆ ಸೊಳ್ಳೆ ಜಾಲರಿ ಕಟ್ಟಿ. ಆಗ ಯಾವ ಸ್ವಿಚ್ ಯಾವ ರೀತಿಯಲ್ಲಿ ಅಂಟಿದರೂ ನೀರು ಸುತ್ತುತ್ತಿರುತ್ತದೆ. ಟ್ಯಾಂಕ್ ಉಕ್ಕುವುದಿಲ್ಲ, ಸಂಪೂ ಬರಿದಾಗುವುದಿಲ್ಲ, ಕರೆಂಟ್ ಬಿಲ್ ಮಾತ್ರ ಏರುತ್ತದೆ.

ಬೆಸುಗೆ_ಬೋರ್ಡ್

ಪೈಪಿನ ಮಾತು ಒಪ್ಪಿದೆ. ಆದರೆ ಎಸ್‌ಎಸ್‌ಆರ್ ಯಾವ ಪಂಪಿಗೂ ಬೇಡವೇ? ನಲ್ಲಿ ತೆಗೆದಾಗಲೆಲ್ಲ ಶುರುವಾಗುವ ಪ್ರೆಷರ್ ಪಂಪಿಗೆ? ದಿನಕ್ಕೆ 200 ಸಲ ಎಂದರೆ ವರ್ಷಕ್ಕೆ 73,000. ಒಂದು ಲಕ್ಷ ಸಲದ ರಿಲೇ ಒಂದೂವರೆ ವರ್ಷಕ್ಕೇ ಮುಗಿಯಿತು.

ನೀರಿನ_ಲೆಕ್ಕ

ಅಲ್ಲಿ ನಿಮ್ಮ ವಾದ ನಿಲ್ಲುತ್ತದೆ. ಅರ್ಧ ಎಚ್‌ಪಿ ಪ್ರೆಷರ್ ಪಂಪು, ಗಾಳಿಯಾಡುವ ಹೀಟ್‌ಸಿಂಕ್, ನಂಬಿಕಸ್ಥ ಕಡೆಯಿಂದ ತಂದ 40 ಆಂಪ್ ಎಸ್‌ಎಸ್‌ಆರ್, ಔಟ್‌ಪುಟ್ ಮೇಲೆ 275 ವೋಲ್ಟಿನ ಎಂಒವಿ: ನಾನು ಒಪ್ಪುತ್ತೇನೆ. ಅಗ್ಗದವುಗಳಲ್ಲಿ ಮೇಲೆ 40 ಎಂದು ಬರೆದು ಒಳಗೆ ಚಿಕ್ಕ ಟ್ರಯಾಕ್ ಇಟ್ಟಿರುವುದುಂಟು. 3.3 ವೋಲ್ಟಿನ ಪಿನ್‌ನಿಂದ ನೇರವಾಗಿ ನಡೆಸಲೂ ಬೇಡಿ, 3-32 ಎಂದು ಬರೆದಿದ್ದರೂ ಅದು ಅಂಚಿನಲ್ಲೇ ಇರುತ್ತದೆ. ಒಂದು ಟ್ರಾನ್ಸಿಸ್ಟರ್ ಇಟ್ಟು 5 ವೋಲ್ಟ್ ಕೊಡಿ.

ಇನ್ನೊಂದು, ಮೋಟರಿಗೆ ಝೀರೋ ಕ್ರಾಸ್ ಬಗೆಗಿಂತ ಕೂಡಲೇ ಆನ್ ಆಗುವ ರ‍್ಯಾಂಡಮ್ ಬಗೆಯದು ಮೇಲು. ಇಂಡಕ್ಟಿವ್ ಲೋಡನ್ನು ವೋಲ್ಟೇಜ್ ಸೊನ್ನೆಯಿದ್ದಾಗ ಸೇರಿಸಿದರೆ ಮೊದಲ ಅಲೆಯ ಕರೆಂಟು ಒಂದೇ ಕಡೆ ವಾಲಿ ಎತ್ತರಕ್ಕೇರುತ್ತದೆ.

ಹಳೇ_ಪ್ಯಾನೆಲ್

ತತ್ವ ಸರಿ ಮೇಡಂ. ಆದರೆ ಇಷ್ಟು ಚಿಕ್ಕ ಮೋಟರಿನ ವೈಂಡಿಂಗ್ ರೆಸಿಸ್ಟೆನ್ಸ್ ಹೆಚ್ಚು, ಆ ವಾಲಿಕೆ ಒಂದೆರಡು ಅಲೆಯಲ್ಲೇ ಸತ್ತುಹೋಗುತ್ತದೆ. ಸ್ಟಾರ್ಟಿಂಗ್ ಕರೆಂಟಿನ ಮುಂದೆ ಅದು ದೊಡ್ಡದಲ್ಲ ಎನ್ನುವುದು ನನ್ನ ಅಭಿಪ್ರಾಯ. ಹಾಗೆ ನೋಡಿದರೆ 200 ಸಲ ಶುರುವಾಗುವ ಪ್ರೆಷರ್ ಪಂಪಿಗೆ ಸ್ವಿಚ್ ಬದಲಿಸುವ ಮೊದಲು ಪ್ರೆಷರ್ ಟ್ಯಾಂಕಿನ ಗಾಳಿ ನೋಡಬೇಕು. ಗಾಳಿ ಇಳಿದಾಗ ಲೋಟ ನೀರಿಗೂ ಪಂಪು ಏಳುತ್ತದೆ.

ನೀರಿನ_ಲೆಕ್ಕ

ಗಾಳಿಯ ಮಾತು ನಿಜ. ವಾಲಿಕೆಯ ವಿಷಯದಲ್ಲಿ ನಾನು ಇನ್ನೂ ಒಪ್ಪಿಲ್ಲ. ಅರ್ಧ ಎಚ್‌ಪಿ ಮೋಟರಿಗೆ ಎರಡೂ ಬಗೆಯ ಎಸ್‌ಎಸ್‌ಆರ್ ಹಾಕಿ, ಇನ್‌ರಷ್ ಹಿಡಿಯುವ ಕ್ಲಾಂಪ್ ಮೀಟರಿನಲ್ಲಿ ಒಂದೊಂದಕ್ಕೆ 20 ಸಲ ಅಳೆದರೆ ಗೊತ್ತಾಗುತ್ತದೆ. ಮಾಮೂಲಿ ಕ್ಲಾಂಪ್ ಮೀಟರ್ ಆ ಮೊದಲ ಅಲೆಯನ್ನು ಹಿಡಿಯುವುದಿಲ್ಲ.

ಸಂಪು_ಟು_ಟ್ಯಾಂಕ್

12 ಆಂಪ್ ಎಸಿ-3 ಕಾಂಟ್ಯಾಕ್ಟರ್, ನೀಲಿ ರಿಲೇ, ಒಂದೂವರೆ ಇಂಚಿನ ಓವರ್‌ಫ್ಲೋ ಪೈಪು ಎಂದು ಪಟ್ಟಿ ಮಾಡಿದ್ದೇನೆ. ಓವರ್‌ಲೋಡಿನ ಶ್ರೇಣಿ ಅಂಗಡಿಯಲ್ಲಿ 4-6.5 ಒಂದು, 6-10 ಇನ್ನೊಂದು ಇದೆ ಎನ್ನುತ್ತಾರೆ. 6.5ಕ್ಕೆ ಯಾವುದು?

ಹಳೇ_ಪ್ಯಾನೆಲ್

6-10. ಡಯಲ್ ತುದಿಗೆ ಮುಟ್ಟಿದ್ದರೆ ಮುಂದೆ ಸ್ವಲ್ಪವೂ ಸರಿಸಲು ಜಾಗ ಇರುವುದಿಲ್ಲ. ಹಾಕಿದ ಮೇಲೆ ಟ್ಯಾಂಕ್ ಅರ್ಧ ತುಂಬಿದಾಗ ಕ್ಲಾಂಪ್ ಮೀಟರಿನಲ್ಲಿ ಓಡುವ ಕರೆಂಟು ಅಳೆದು ಇಲ್ಲಿ ಬರೆಯಿರಿ. ತಗಡಿನ ಅಂಕಿಗಿಂತ ಬಹಳ ಕಡಿಮೆ ಬಂದರೆ, ಡಯಲ್ ಎಲ್ಲಿಡಬೇಕೆಂದು ಮತ್ತೆ ನೋಡೋಣ.